“ಮೆಣಸು ನಮ್ಮ ತೋಟದ್ದಲ್ಲ”: ಪೆರ್ಲದ ಒಂದು ಮಸಾಲೆಪುಡಿ ಮನೆಯ ‘ನಮ್ಮ ಬಗ್ಗೆ’ ಪುಟ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಆ ಮನೆಗೆ ನಾನು ಹೋದದ್ದು 250 ಪದ ಬರೆಯಲಿಕ್ಕೆ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಅಂದುಕೊಂಡಿದ್ದೆ. ಏಳು ವಾರ ಹಿಡಿಯಿತು.

ಮನೆಯಲ್ಲಿ ನಾಲ್ಕು ಜನ. ನಿವೃತ್ತ ಮಾಷ್ಟ್ರು, ಅವರ ಹೆಂಡತಿ, ಮಗ, ಸೊಸೆ. ಮಾಷ್ಟ್ರ ಹೆಂಡತಿಯನ್ನು ನಾನು ಮೊದಲಿಂದಲೂ ಅಕ್ಕ ಅಂತಲೇ ಕರೆಯುವುದು. ಪುಡಿ ಹುರಿಯುವುದು ಅವರೇ. ಮಾರುವುದು ಮೂರೇ ಸಾಮಾನು: ಸಾರಿನ ಪುಡಿ, ಸಾಂಬಾರು ಪುಡಿ, ಮತ್ತೆ ಇಡೀ ಒಳ್ಳೆಮೆಣಸು, ಅಂದರೆ ಕಾಳುಮೆಣಸು. ಗಿರಾಕಿಗಳಲ್ಲಿ ಅರ್ಧದಷ್ಟು ಬೆಂಗಳೂರಿನವರು, ಉಳಿದವರು ಮಂಗಳೂರು ಮತ್ತು ಕಾಸರಗೋಡಿನ ಕಡೆಯವರು. ಅಲ್ಲಿವರೆಗೆ ಎಲ್ಲ ವಾಟ್ಸಾಪ್‌ನಲ್ಲೇ ನಡೆಯುತ್ತಿತ್ತು. ಮಗ ಈಗ ಒಂದು ವೆಬ್‌ಸೈಟು ಮಾಡಿಸಿದ್ದ. ಅದರಲ್ಲಿ ‘ನಮ್ಮ ಬಗ್ಗೆ’ ಅನ್ನುವ ಪುಟ ಖಾಲಿ ಇರಲಿಲ್ಲ. ಸೈಟು ಮಾಡಿದವರೇ ಏನೋ ತುಂಬಿಸಿ ಕೊಟ್ಟಿದ್ದರು:

“ತಲೆಮಾರುಗಳ ಪರಂಪರೆ, ಅಮ್ಮನ ಕೈರುಚಿ. ಪ್ರಕೃತಿಯ ಮಡಿಲಲ್ಲಿ ಸಾವಯವವಾಗಿ ಬೆಳೆದ ಆಯ್ದ ಸಾಂಬಾರ ಪದಾರ್ಥಗಳಿಂದ ಪ್ರೀತಿಯಿಂದ ತಯಾರಿಸಿದ, 100% ಶುದ್ಧ, ಎಫ್ಎಸ್ಎಸ್ಎಐ ಪ್ರಮಾಣಿತ ಉತ್ಪನ್ನಗಳು.”

ಓದಲಿಕ್ಕೆ ಚಂದವೇ ಇದೆ. ಆದರೆ ಇದರ ಮೇಲಿನ ಹೆಸರು ಅಳಿಸಿ ಬೇರೆ ಯಾರ ಹೆಸರು ಹಾಕಿದರೂ ನಡೆಯುತ್ತದೆ. ನನಗೆ ಅದಕ್ಕಿಂತ ದೊಡ್ಡ ತೊಂದರೆ ಕಂಡದ್ದು ಇನ್ನೊಂದು. ಎರಡೇ ಸಾಲಿನಲ್ಲಿ ನಾಲ್ಕು ಮಾತು ತಪ್ಪಿತ್ತು. ಮನೆಯವರು ಸುಳ್ಳು ಹೇಳುವವರಲ್ಲ. ಎಲ್ಲರೂ ಹಾಗೇ ಬರೆಯುತ್ತಾರಲ್ಲ ಅಂತ ಸುಮ್ನೆ ಬಿಟ್ಟಿದ್ದರು, ಅಷ್ಟೆ.

ಗಿರಾಕಿ ಕೇಳುವುದು ಎಂತ?

ನಾನು ಮೊದಲು ಕೇಳಿದ್ದು ಮಗನ ಫೋನು. ಮೂರು ತಿಂಗಳ ವಾಟ್ಸಾಪ್ ಮಾತುಕತೆ ಕೂತು ಓದಿದೆ. ಗಿರಾಕಿ ಕೇಳಿದ ಪ್ರಶ್ನೆಗಳನ್ನಷ್ಟೇ ಒಂದು ಪುಸ್ತಕದಲ್ಲಿ ಬರೆದುಕೊಂಡೆ. ರೇಟು, ಪಾರ್ಸೆಲ್ ವಿಚಾರ ಬಿಟ್ಟರೆ ಉಳಿದದ್ದು ಸುಮಾರು ಒಂದೇ ಥರ. ಮೆಣಸಿನಕಾಯಿ ಎಲ್ಲಿಯದು? ಬಣ್ಣ ಹಾಕ್ತೀರಾ? ಹೋದ ಸಲಕ್ಕಿಂತ ಕೆಂಪು ಕಮ್ಮಿ ಯಾಕೆ? ಎಷ್ಟು ದಿನ ಇಡಬಹುದು? ಬೆಳ್ಳುಳ್ಳಿ ಇದೆಯಾ? ಕಾಸರಗೋಡಿನ ಒಬ್ಬರು ಕೇಳಿದ್ದು, ಹುರಿದ ತೆಂಗಿನಕಾಯಿ ಸೇರಿಸಿದ್ದೀರಾ ಅಂತ. ಗೋಧಿ ಆಗದ ಒಬ್ಬರು ಇಂಗಿನ ಬಗ್ಗೆ ಕೇಳಿದ್ದರು. ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಬಗ್ಗೆ ಬೆಂಗಳೂರಿನ ಒಬ್ಬರು ಸ್ವಲ್ಪ ಹಿಂಜರಿದು ಕೇಳಿದ್ದರು: “ತಪ್ಪು ತಿಳ್ಕೋಬೇಡಿ. ನಿಮ್ಮೂರಿನ ಕಾಳುಮೆಣಸು ತಿನ್ನಬಹುದಾ? ಎಂಡೋಸಲ್ಫಾನ್ ಊರಲ್ವಾ ಅದು?”

ಎಷ್ಟು ತಲೆಮಾರಿನಿಂದ ಮಾಡ್ತಿದ್ದೀರಿ ಅಂತ ಕೇಳಿದವರು ಒಬ್ಬರೂ ಇಲ್ಲ.

ಆ ಪುಸ್ತಕದ ಹಾಳೆಯನ್ನು ಮಾಷ್ಟ್ರ ಮುಂದೆ ಇಟ್ಟೆ. ಪುಟ ಬರೆಯಬೇಕಾದದ್ದು ಈ ಪ್ರಶ್ನೆಗಳಿಗೆ, ನಮ್ಮ ಹೆಮ್ಮೆಗೆ ಅಲ್ಲ ಅಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. “ಹೆಮ್ಮೆ ಇಲ್ಲದೆ ವ್ಯಾಪಾರ ಎಂತಕ್ಕೆ ಮಾರಾಯ?” ಅಂದರು. ಅದೂ ಸರಿಯೇ.

ತಲೆಮಾರಿನ ಲೆಕ್ಕ

ಮೊದಲ ಜಗಳ ‘ತಲೆಮಾರುಗಳ ಪರಂಪರೆ’ ಅನ್ನುವುದರ ಮೇಲೆ. ಮಾಷ್ಟ್ರ ಅಜ್ಜ ಒಳ್ಳೆಮೆಣಸು ಬೆಳೆದವರು, ಅಪ್ಪ ಬೆಳೆದವರು, ಇವರೂ ಬೆಳೆದವರು. ಅದು ನಿಜ. ಆದರೆ ಅವರೆಲ್ಲ ಕಾಳನ್ನು ಗೋಣಿಗೆ ತುಂಬಿ ವ್ಯಾಪಾರಿಗೆ ಕೊಟ್ಟವರು. ಪುಡಿ ಮಾರಿದವರಲ್ಲ. ಪುಡಿಯ ವ್ಯಾಪಾರ ಶುರುವಾದದ್ದು 2017ರಲ್ಲಿ. ಬೆಂಗಳೂರಿನ ರೂಮಿನಲ್ಲಿದ್ದ ಮಗನಿಗೆ ಅಕ್ಕ ಒಂದು ಡಬ್ಬ ಸಾರಿನ ಪುಡಿ ಕಟ್ಟಿಕೊಟ್ಟಿದ್ದರು. ರೂಮಿನವರು ಎರಡು ವಾರದಲ್ಲಿ ಡಬ್ಬ ಖಾಲಿ ಮಾಡಿದರು. ಮುಂದಿನ ತಿಂಗಳು ಅವರೇ ದುಡ್ಡು ಒಟ್ಟು ಮಾಡಿ ಒಂದು ಕಿಲೋ ತರಿಸಿದರು.

ಇದು ಮೂರು ತಲೆಮಾರಿಗಿಂತ ಒಳ್ಳೆ ಕಥೆ ಅಂತ ನನಗೆ ಕಂಡಿತು. ಯಾಕೆಂದರೆ ಓದುವವರಿಗೆ ಇದನ್ನು ಊಹಿಸಲಿಕ್ಕೆ ಕಷ್ಟವಿಲ್ಲ. ಎಲ್ಲರ ಮನೆಯಿಂದಲೂ ಹೀಗೊಂದು ಡಬ್ಬ ಬೆಂಗಳೂರಿಗೆ ಹೋಗಿಯೇ ಇರುತ್ತದೆ. ಹಳೆಯ ಇಸವಿ ಹಾಕಿ ದೊಡ್ಡವರಾಗುವುದರಲ್ಲಿ ಒಂದು ಅಪಾಯವೂ ಉಂಟು. ಊರಿನ ಗಿರಾಕಿಗೆ ನಿಜ ಗೊತ್ತಿರುತ್ತದೆ. ಅವರು ಒಂದು ಸಾಲು ಸುಳ್ಳು ಅಂತ ಹಿಡಿದರೆ, ಮುಂದಿನ ಹತ್ತು ನಿಜವನ್ನೂ ನಂಬುವುದಿಲ್ಲ. ಅಜ್ಜ ಪುಟದಲ್ಲಿ ಉಳಿದರು, ಆದರೆ ಒಳ್ಳೆಮೆಣಸಿನ ಬಳ್ಳಿಯ ಜೊತೆಗೆ, ಪುಡಿಯ ಜೊತೆಗಲ್ಲ.

ಬಾಣಲೆಯ ಹತ್ತಿರ

ಎರಡನೇ ವಾರ ಹುರಿಯುವ ದಿನವೇ ಹೋದೆ. ಇದನ್ನು ಈ ಕೆಲಸ ಮಾಡುವ ಎಲ್ಲರಿಗೂ ಹೇಳುತ್ತೇನೆ. “ನಿಮ್ಮ ವಿಶೇಷ ಏನು?” ಅಂತ ಚಾವಡಿಯಲ್ಲಿ ಕೂತು ಕೇಳಿದರೆ ಸಿಗುವುದು “ಶುದ್ಧ”, “ಪ್ರೀತಿ”, “ಪರಂಪರೆ”. ಕೈ ಕೆಲಸದಲ್ಲಿದ್ದಾಗ “ಈಗ ಯಾಕೆ ಇಳಿಸಿದ್ರಿ?” ಅಂತ ಕೇಳಿದರೆ ಮಾತೇ ಬೇರೆ.

ಅಕ್ಕ ಒಂದೊಂದನ್ನೂ ಬೇರೆ ಬೇರೆ ಹುರಿಯುತ್ತಾರೆ. ಕೊತ್ತಂಬರಿಗೆ ಸಣ್ಣ ಉರಿ. “ಚಟಪಟ ಹೇಳ್ಲಿಕ್ಕೆ ಶುರುವಾಯ್ತಾ, ಮತ್ತೆ ಕಣ್ಣು ತೆಗೀಲಿಕ್ಕಿಲ್ಲ” ಅಂದರು. ಮೆಂತೆ ಕೆಂಪಾದ ಕೂಡಲೇ ಇಳಿಸಬೇಕು. ಬಾಣಲೆಯಲ್ಲೇ ಬಿಟ್ಟರೆ ಉರಿ ಆರಿಸಿದ ಮೇಲೂ ಅದು ಹುರಿಯುತ್ತಾ ಹೋಗಿ ಇಡೀ ಪುಡಿ ಕಹಿಯಾಗುತ್ತದೆ. ಒಣಮೆಣಸಿನಕಾಯಿಗೆ ಒಂದೆರಡು ಚಮಚ ತೆಂಗಿನೆಣ್ಣೆ. ಎಣ್ಣೆಯಿಂದ ಘಾಟು ಕಮ್ಮಿಯಾಗುತ್ತದೆ, ಮೆಣಸಿನಕಾಯಿ ಕಪ್ಪಾಗುವುದಿಲ್ಲ.

ಇನ್ನೊಂದು ಸಂಗತಿ ನನಗೆ ಗೊತ್ತಿರಲಿಲ್ಲ. ಯಂತ್ರದಲ್ಲಿ ಬೀಸಿದಾಗ ಪುಡಿ ಬಿಸಿಯಾಗಿ ಬೀಳುತ್ತದೆ. ಅದನ್ನು ಹಾಗೇ ಪೊಟ್ಟಣ ಕಟ್ಟಿದರೆ ಒಳಗೆ ಬೆವರುತ್ತದೆ. ಮೊದಲು ಗಂಟು ಕಟ್ಟುತ್ತದೆ, ಆಮೇಲೆ ಬೂಸು ಹಿಡಿಯುತ್ತದೆ. ಇವರು ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮೇಲೆ ಬಟ್ಟೆ ಮುಚ್ಚಿ ಆರಿಸಿ, ಮರುದಿನ ಬೆಳಗ್ಗೆ ತುಂಬಿಸುತ್ತಾರೆ. ಹುರಿದ ತಾರೀಕು, ತುಂಬಿಸಿದ ತಾರೀಕು ಬೇರೆ ಬೇರೆ ಯಾಕೆ ಅಂತ ಒಬ್ಬ ಗಿರಾಕಿ ಕೇಳಿದ್ದರು. ಉತ್ತರ ಇದು. ಅಕ್ಕನಿಗೆ ಇದು ಹೇಳುವಂಥ ವಿಷಯ ಅಂತಲೇ ಅನಿಸಿರಲಿಲ್ಲ. “ಇದನ್ನು ಬರೀಲಿಕ್ಕುಂಟಾ? ಎಲ್ಲರೂ ಹಾಗೇ ಅಲ್ವಾ ಮಾಡೋದು?” ಎಲ್ಲರೂ ಹಾಗೆ ಮಾಡುವುದಿಲ್ಲ.

ತೆಂಗಿನೆಣ್ಣೆಯ ವಿಷಯ ಬಂದಾಗ ಇಡುವ ಕಾಲದ ಪ್ರಶ್ನೆಗೂ ಉತ್ತರ ಸಿಕ್ಕಿತು. ಎಣ್ಣೆ ತಾಗಿದ ಪುಡಿ ಹಳತಾದರೆ ಕಮಟು ವಾಸನೆ ಬರುತ್ತದೆ. ಅದಕ್ಕೇ ಇವರು ಮೂರು ತಿಂಗಳ ಒಳಗೆ ಮುಗಿಸಿ ಅನ್ನುತ್ತಾರೆ, ಹುರಿದ ತೆಂಗಿನಕಾಯಿಯಂತೂ ಸೇರಿಸುವುದೇ ಇಲ್ಲ. “ಒಂದು ವರ್ಷ ಬರುತ್ತದೆ ಅಂತ ಬರೆದರೆ ಮಾರಾಟ ಜಾಸ್ತಿಯಾಗ್ತದೆ” ಅಂತ ಮಗ ಅಂದ. “ಆಮೇಲೆ ವಾಸನೆ ಬಂದ್ರೆ ಫೋನು ನಾನು ಎತ್ತಬೇಕು” ಅಂತ ಸೊಸೆ ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ತಪ್ಪಿದ್ದ ನಾಲ್ಕು ಮಾತು

ಎಫ್ಎಸ್ಎಸ್ಎಐ ಅಂದರೆ ಕೇಂದ್ರ ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರ. ‘ಎಫ್ಎಸ್ಎಸ್ಎಐ ಪ್ರಮಾಣಿತ’ ಅನ್ನುವುದನ್ನು ತುಂಬ ಜನ ಗೊತ್ತಿಲ್ಲದೆ ಬರೆಯುತ್ತಾರೆ. ಸಣ್ಣ ಮನೆ ವ್ಯಾಪಾರಕ್ಕೆ ಸಿಗುವುದು ನೋಂದಣಿ. 14 ಅಂಕಿಯ ಒಂದು ಸಂಖ್ಯೆ. ಇಂಥವರು ಇಂಥ ಜಾಗದಲ್ಲಿ ಆಹಾರ ತಯಾರಿಸುತ್ತಾರೆ ಅಂತ ಅದು ಹೇಳುತ್ತದೆ. ಈ ಪುಡಿ ಒಳ್ಳೆಯದು ಅಂತ ಅದು ಹೇಳುವುದಿಲ್ಲ. ಹಾಗಾಗಿ ‘ಪ್ರಮಾಣಿತ’ ತೆಗೆದು, ‘ನಮ್ಮ ನೋಂದಣಿ ಸಂಖ್ಯೆ ಇದು’ ಅಂತ ಪೂರ್ತಿ ಸಂಖ್ಯೆ ಹಾಕಿದೆವು. ಯಾರು ಬೇಕಾದರೂ foscos.fssai.gov.in ನಲ್ಲಿ ಹಾಕಿ ನೋಡಬಹುದು. ಚಿಕ್ಕ ಮುದ್ರೆಯ ಚಿತ್ರ ಹಾಕುವುದಕ್ಕಿಂತ ಇದು ವಾಸಿ. ಚಿತ್ರವನ್ನು ಯಾರು ಬೇಕಾದರೂ ಅಂಟಿಸಬಹುದು.

‘100%’ ಕೂಡ ಹೋಯಿತು. ಹಾಗೆ ಬರೆಯಬೇಡಿ ಅಂತ 2025ರ ಮೇ ತಿಂಗಳಲ್ಲಿ ಎಫ್ಎಸ್ಎಸ್ಎಐಯೇ ವ್ಯಾಪಾರಿಗಳಿಗೆ ಹೇಳಿದೆ. ಅದಿಲ್ಲದಿದ್ದರೂ ಇಲ್ಲಿ ಅದು ನಿಲ್ಲುತ್ತಿರಲಿಲ್ಲ, ಇಂಗಿನ ದೆಸೆಯಿಂದ. ಅಂಗಡಿಯ ಇಂಗು ಅಂದರೆ ಬರೀ ಇಂಗಿನ ಹಾಲಲ್ಲ. ಅದಕ್ಕೆ ಗೋಂದು, ಹಿಟ್ಟು ಸೇರಿಸಿಯೇ ಮಾರುವುದು. ಇವರು ತರುವ ಡಬ್ಬದ ಮೇಲೆ ಗೋಧಿಹಿಟ್ಟು ಅಂತ ಸಣ್ಣ ಅಕ್ಷರದಲ್ಲಿತ್ತು. ಅಷ್ಟು ವರ್ಷದಲ್ಲಿ ಯಾರೂ ಓದಿರಲಿಲ್ಲ. ಗೋಧಿ ಆಗದ ಆ ಗಿರಾಕಿಗೆ ಮಗ “ಗೋಧಿ ಇಲ್ಲ” ಅಂತ ಉತ್ತರ ಕೊಟ್ಟಾಗಿತ್ತು! ಅವತ್ತೇ ಫೋನು ಮಾಡಿ ತಿದ್ದಿ ಹೇಳಿಸಿದೆ. ಪುಟಕ್ಕೂ ಒಂದು ಸಾಲು ಸೇರಿತು, ಪೊಟ್ಟಣದ ಮೇಲೂ ಸೇರಿತು.

‘ಸಾವಯವ’ದ ವಿಷಯಕ್ಕೆ ಮಾಷ್ಟ್ರು ಸುಲಭವಾಗಿ ಬಗ್ಗಲಿಲ್ಲ. ಅವರ ತೋಟದಲ್ಲಿ ಬಳ್ಳಿಗೆ ಹಾಕುವುದು ಹಟ್ಟಿಗೊಬ್ಬರ, ಸೊಪ್ಪು. ಅದನ್ನು ನಾನೇ ನೋಡಿದ್ದೇನೆ. ಆದರೆ ನಮ್ಮ ದೇಶದಲ್ಲಿ ಸಾವಯವ ಅಂತ ಮಾರಲಿಕ್ಕೆ ಪ್ರಮಾಣಪತ್ರದ ಒಂದು ವ್ಯವಸ್ಥೆ ಉಂಟು. ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ ವಿನಾಯಿತಿ ಇದ್ದರೂ ಅದು ತಾವು ಬೆಳೆದದ್ದಕ್ಕೆ ಮಾತ್ರ. ಸಾಂಬಾರು ಪುಡಿಯಲ್ಲಿ ಜಾಸ್ತಿ ಇರುವುದು ಪೇಟೆಯ ಕೊತ್ತಂಬರಿ, ಪೇಟೆಯ ಮೆಣಸಿನಕಾಯಿ. ಅದಕ್ಕೆ ಎಂತ ಸಿಂಪಡಿಸಿದ್ದಾರೆ ಅಂತ ಇವರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಮಾತು ಕೊಡುವುದು ಹೇಗೆ?

ಇನ್ನೊಂದು ಸಂಗತಿಯೂ ಇತ್ತು. ಬಳ್ಳಿ ಹಬ್ಬಿರುವುದು ಅಡಿಕೆ ಮರಕ್ಕೆ. ಅಡಿಕೆಗೆ ಕೊಳೆರೋಗ ಬರಬಾರದು ಅಂತ ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ಸುಮಾರು 40–45 ದಿನ ಕಳೆದು ಇನ್ನೊಮ್ಮೆ ಬೋರ್ಡೋ ದ್ರಾವಣ ಬಿಡುತ್ತಾರೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದು ಬಳ್ಳಿಗೂ ಬೀಳುತ್ತದೆ, ಸೊರಗುರೋಗಕ್ಕೆ ಬೀಳಲೂ ಬೇಕು. ‘ಏನೂ ಸಿಂಪಡಿಸುವುದಿಲ್ಲ’ ಅಂತ ಬರೆದು, ತೋಟ ನೋಡಲಿಕ್ಕೆ ಬಂದ ಗಿರಾಕಿಗೆ ಎಲೆಯ ಮೇಲಿನ ನೀಲಿ ಕಲೆ ಕಂಡರೆ? ‘ಮಳೆಗಾಲದಲ್ಲಿ ಮೈಲುತುತ್ತು-ಸುಣ್ಣದ ದ್ರಾವಣ ಬಿಡುತ್ತೇವೆ, ಕೊಯ್ಯುವುದು ಡಿಸೆಂಬರ್-ಜನವರಿಯಲ್ಲಿ’ ಅಂತ ಬರೆದೆವು. ಮಾಷ್ಟ್ರು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಸರಿ ಉಂಟು. ಕೃಷಿಕ ಓದಿದರೂ ನಗುವುದಿಲ್ಲ” ಅಂದರು.

ನಾಲ್ಕನೆಯದು ಆಗಲೇ ಹೇಳಿದ ತಲೆಮಾರು.

ಎಂಡೋಸಲ್ಫಾನ್ ಪ್ರಶ್ನೆ

ಇದನ್ನು ಪುಟದಲ್ಲಿ ಎತ್ತಲೇಬಾರದು ಅಂತ ಮಾಷ್ಟ್ರು. ಕೇಳಿದವರಿಗೆ ಮಾತ್ರ ಹೇಳೋಣ ಅಂತ ಮಗ. ನಾನು ಎತ್ತಬೇಕು ಅಂದೆ. ಪೆರ್ಲ ಇರುವ ಎಣ್ಮಕಜೆ ಪಂಚಾಯತಿನ ವಿಳಾಸ ಹಾಕಿ ಆಹಾರ ಮಾರುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಒಬ್ಬರಾದರೆ, ಕೇಳದೆ ಬೇರೆ ಕಡೆ ಹೋಗುವವರು ಎಷ್ಟೋ. ನೋವಿನ ವಿಷಯವನ್ನು ಮಾರಾಟಕ್ಕೆ ಬಳಸಿದ ಹಾಗೂ ಆಗಬಾರದು. ಇಲ್ಲಿಯ ಮನೆಮನೆಗಳಲ್ಲಿ ಅದರ ನೋವು ಉಂಡವರು ಇದ್ದಾರೆ.

ಹಾಗಾಗಿ ಮೂರೇ ವಾಕ್ಯ. ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು ಸರಕಾರಿ ಗೇರು ತೋಟಗಳ ಮೇಲೆ, ಅದು 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದರ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು. ನಮ್ಮ ತೋಟಕ್ಕೆ ನಾವು ಅದನ್ನು ಬಳಸಿದವರಲ್ಲ, ಈ ವರ್ಷದ ಒಳ್ಳೆಮೆಣಸನ್ನು ಪರೀಕ್ಷೆಗೆ ಕಳಿಸಿದ್ದೇವೆ, ವರದಿ ಇಲ್ಲಿದೆ.

ವರದಿಯ ಮಾತು ಬರೆಯುವುದರಲ್ಲೂ ಒಂದು ನಾಜೂಕು ಉಂಟು. ಪ್ರಯೋಗಾಲಯದವರು ‘ಪತ್ತೆಯಾಗಿಲ್ಲ’ ಅಂತ ಬರೆದರೆ, ಅವರ ಯಂತ್ರ ಹಿಡಿಯಬಲ್ಲಷ್ಟು ಪ್ರಮಾಣದಲ್ಲಿ ಇಲ್ಲ ಅಂತ ಅರ್ಥ. ‘ಸೊನ್ನೆ’ ಅಂತ ಅರ್ಥವಲ್ಲ. ಮತ್ತೆ, ಆ ಮಾತು ಕಳಿಸಿದ ಆ ಮಾದರಿಗೆ ಮಾತ್ರ. ಮುಂದಿನ ವರ್ಷದ ಕೊಯ್ಲಿಗೆ ಅದು ಸಾಕ್ಷಿಯಾಗುವುದಿಲ್ಲ. ಮಗ ‘ವಿಷಮುಕ್ತ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದ. ತೆಗೆಸಿದೆ. ಅದರ ಬದಲು ಮಾದರಿಯ ಬ್ಯಾಚ್ ಸಂಖ್ಯೆ, ಕಳಿಸಿದ ತಾರೀಕು, ವರದಿಯ ಪೂರ್ತಿ ಹಾಳೆ ಹಾಕಿದೆವು. ವರದಿಯ ಕೆಳಗಿನ ಅರ್ಧ ಕತ್ತರಿಸಿ ಹಾಕುವ ಅಭ್ಯಾಸ ಕೆಲವರಿಗಿದೆ. ಷರತ್ತುಗಳೆಲ್ಲ ಇರುವುದು ಆ ಅರ್ಧದಲ್ಲಿಯೇ.

2020ರ ಮೆಣಸಿನಕಾಯಿ

ಅತಿ ದೊಡ್ಡ ಜಗಳ ಇದರ ಮೇಲೆ. ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದ್ದು ನೆನಪಿರಬಹುದು. ಮಂಗಳೂರಿಗೆ ಹೋಗಿ ಸಾಮಾನು ತರುವ ಹಾಗಿರಲಿಲ್ಲ. ಮನೆಯಲ್ಲಿದ್ದ ಬ್ಯಾಡಗಿ ಮುಗಿಯಿತು. ಹತ್ತಿರದ ಅಂಗಡಿಯಲ್ಲಿ ಸಿಕ್ಕಿದ ಬೇರೆ ಮೆಣಸಿನಕಾಯಿ ಹಾಕಿ ಎರಡು ಬ್ಯಾಚ್ ಮಾಡಿದರು. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ಇದು ಅದರ ಉಲ್ಟಾ. ಪುಡಿ ಮಸುಕಾಗಿತ್ತು, ಗಂಟಲು ಉರಿಯುತ್ತಿತ್ತು. ಪೊಟ್ಟಣದ ಮೇಲೆ ಮಾತ್ರ ಎಂದಿನ ಚೀಟಿ.

ಕಾಸರಗೋಡು ಪೇಟೆಯ ಒಬ್ಬ ಗಿರಾಕಿ ಫೋನು ಮಾಡಿ, “ಇದು ನಿಮ್ಮ ಪುಡಿ ಅಲ್ಲ” ಅಂದರಂತೆ. ಅಕ್ಕ ಎತ್ತಿದ್ದು. ಎಂತ ಹೇಳಬೇಕು ಅಂತ ಗೊತ್ತಾಗದೆ, ಸಿಗಲಿಲ್ಲ ಅದಕ್ಕೆ ಹೀಗೆ ಮಾಡಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದರು. ಆ ಗಿರಾಕಿ ಈಗಲೂ ತರಿಸುತ್ತಾರೆ. ಹೇಳದೇ ಬಿಟ್ಟವರಲ್ಲಿ ಕೆಲವರು ಮತ್ತೆ ತರಿಸಲಿಲ್ಲ.

ಇದನ್ನು ಅಕ್ಕ ನನಗೆ ಹೇಳಿದ್ದು ಬಾಣಲೆ ತೊಳೆಯುತ್ತಾ, ಏನೋ ಮಾತಿಗೆ ಮಾತು ಬಂದು. ನಾನು ಪೆನ್ನು ಹಿಡಿದದ್ದು ನೋಡಿ ಮಾಷ್ಟ್ರು, “ಅದನ್ನೆಲ್ಲ ಬರೀಬೇಡ” ಅಂದರು. ನಮ್ಮ ತಪ್ಪನ್ನು ನಾವೇ ಡಂಗುರ ಹೊಡೆಯುವುದು ಯಾವ ನ್ಯಾಯ? ನಾನೂ ಎರಡು ದಿನ ಯೋಚಿಸಿದೆ. ತಪ್ಪು ಒಪ್ಪಿಕೊಂಡರೆ ನಂಬಿಕೆ ಬರುತ್ತದೆ ಅನ್ನುವುದು ಎಲ್ಲ ಕಡೆ ನಡೆಯುವ ಮಾತಲ್ಲ. ಹಳಸಿದ ಪುಡಿ ಕಳಿಸಿದ್ದೆವು ಅಂತ ಯಾರೂ ಪುಟದಲ್ಲಿ ಬರೆಯಬಾರದು. ಅದನ್ನು ಓದಿದವರಿಗೆ ಉಳಿಯುವುದು ವಾಸನೆ ಮಾತ್ರ. ಆದರೆ ಈ ತಪ್ಪು ಬೇರೆ ಜಾತಿಯದು. ಅದರಿಂದ ಯಾರಿಗೂ ಅಪಾಯವಾಗಿಲ್ಲ. ಅದಕ್ಕೆ ಕಾರಣ ಓದುವವರಿಗೂ ಗೊತ್ತಿದೆ. ಎಲ್ಲಕ್ಕಿಂತ ಮುಖ್ಯ, ಅದರ ಆಮೇಲೆ ಮನೆಯಲ್ಲಿ ಒಂದು ಪದ್ಧತಿ ಬದಲಾಯಿತು: ಪದಾರ್ಥ ಬದಲಾದರೆ ಚೀಟಿಯ ಮೇಲೆ ಕೈಯಲ್ಲಿ ಬರೆಯುತ್ತಾರೆ. ಗಿರಾಕಿಯ “ಹೋದ ಸಲಕ್ಕಿಂತ ಕೆಂಪು ಕಮ್ಮಿ ಯಾಕೆ?” ಅನ್ನುವ ಪ್ರಶ್ನೆಗೂ ಅದೇ ಉತ್ತರ. ಈ ಕಥೆ ಬಿಟ್ಟರೆ ಆ ಪದ್ಧತಿ ಎಲ್ಲಿಂದ ಬಂತು ಅಂತ ಯಾರಿಗೂ ತಿಳಿಯುವುದಿಲ್ಲ.

ಕೊನೆಗೆ ತೀರ್ಮಾನ ಹೇಳಿದ್ದು ಸೊಸೆ. “ಹಾಕುವ, ಮಾವ. ಫೋನಿನಲ್ಲಿ ಅತ್ತೆ ಹೇಳಿಯಾಗಿದೆ ಅಲ್ವಾ.”

ಒಂದು ಶಬ್ದದ ಎಡವಟ್ಟು

ಮೊದಲ ವಾಕ್ಯವಾಗಿ ನಾನು ಬರೆದದ್ದು ಇದು: “ಮೆಣಸು ನಮ್ಮ ತೋಟದ್ದಲ್ಲ.” ಇಡೀ ಪುಟದಲ್ಲಿ ನನಗೆ ಜಾಸ್ತಿ ಹಿಡಿಸಿದ ಸಾಲು. ಮಾರುವವನು ತನ್ನದಲ್ಲ ಅನ್ನುವುದರಿಂದ ಶುರುಮಾಡಿದರೆ ಓದುವವನು ಒಮ್ಮೆ ನಿಲ್ಲುತ್ತಾನೆ.

ಬೆಂಗಳೂರಿನ ಒಬ್ಬ ಗೆಳೆಯನಿಗೆ ಓದಲಿಕ್ಕೆ ಕಳಿಸಿದೆ. ಅವನು ಕೇಳಿದ: “ಕಾಳುಮೆಣಸು ನಿಮ್ಮದಲ್ಲದಿದ್ದರೆ ಮತ್ತೆ ಏನು ಬೆಳೀತೀರಿ?”

ನಮ್ಮ ಕಡೆ ಮೆಣಸು ಅಂದರೆ ಕೆಂಪು ಮೆಣಸಿನಕಾಯಿ. ಕಪ್ಪು ಕಾಳಿಗೆ ಒಳ್ಳೆಮೆಣಸು ಅನ್ನುತ್ತೇವೆ. ತುಳುವಿನಲ್ಲೂ ಎಡ್ಡೆ ಮುಂಚಿ, ಮಲಯಾಳದಲ್ಲೂ ನಲ್ಲಮುಳಕ್. ಮೂರು ಭಾಷೆಗೂ ಅದು ‘ಒಳ್ಳೆಯದು’. ಆದರೆ ಬೆಂಗಳೂರು-ಮೈಸೂರಿನ ಕಡೆ ಬರೀ ಮೆಣಸು ಅಂದರೆ ಕಾಳುಮೆಣಸೇ. ನನ್ನ ಸಾಲು ಅಲ್ಲಿ ತಲೆಕೆಳಗಾಗಿ ಓದಿಸಿಕೊಳ್ಳುತ್ತಿತ್ತು. ಇವರ ತೋಟದ್ದೇ ಆದ ಒಂದೇ ಒಂದು ವಸ್ತುವನ್ನು ಇವರದಲ್ಲ ಅಂದ ಹಾಗೆ!

ಆಮೇಲೆ ಪೂರ್ತಿ ಪುಟವನ್ನು ಆ ಕಣ್ಣಿನಲ್ಲಿ ನೋಡಿದೆ. ‘ಬೇವಿನಸೊಪ್ಪು ಅಂಗಳದ್ದು’ ಅಂತಿತ್ತು. ನಮಗೆ ಅದು ಒಗ್ಗರಣೆಯ ಸೊಪ್ಪು. ಅಲ್ಲಿಯವರಿಗೆ ಯುಗಾದಿಯ ಕಹಿಬೇವು. ಸಾರಿನ ಪುಡಿಗೆ ಕಹಿಬೇವು ಹಾಕುವ ಮನೆ ಅಂತ ಹೆಸರಾಗುವುದು ತಪ್ಪಿತು. ಅದನ್ನು ‘ಕರಿಬೇವು’ ಮಾಡಿದೆ. ಒಳ್ಳೆಮೆಣಸು ಅನ್ನುವುದನ್ನು ಮಾತ್ರ ಬಿಡಲಿಲ್ಲ. ಮೊದಲ ಸಲ ಬಂದಲ್ಲಿ ‘ಕಾಳುಮೆಣಸು, ನಮ್ಮ ಕಡೆ ಇದಕ್ಕೆ ಒಳ್ಳೆಮೆಣಸು ಅನ್ನುತ್ತೇವೆ’ ಅಂತ ಬರೆದೆ. ಊರಿನ ಶಬ್ದ ಊರನ್ನು ತೋರಿಸುತ್ತದೆ. ಆದರೆ ಅರ್ಥ ಕೆಡುವ ಕಡೆ ಅದನ್ನು ಇಡುವುದು ಹಟವಾಗುತ್ತದೆ.

ಪುಟ ಕೊನೆಗೆ ಹೀಗೆ ನಿಂತಿತು. ನೋಂದಣಿ ಸಂಖ್ಯೆ, ಎಂಡೋಸಲ್ಫಾನ್ ಮಾತು, ವರದಿ ಇದರ ಕೆಳಗೆ ಬರುತ್ತವೆ:

“ಒಣಮೆಣಸಿನಕಾಯಿ ನಮ್ಮ ತೋಟದ್ದಲ್ಲ. ಅದು ಬ್ಯಾಡಗಿ ಕಡ್ಡಿ, ಮಂಗಳೂರು ಬಂದರಿನ ವ್ಯಾಪಾರಿಯಿಂದ ತರುತ್ತೇವೆ. ಕೊತ್ತಂಬರಿ, ಜೀರಿಗೆ, ಮೆಂತೆ ಕೂಡ ಪೇಟೆಯವು. ಕರಿಬೇವು ನಮ್ಮ ಅಂಗಳದ್ದು. ಕಾಳುಮೆಣಸು, ನಮ್ಮ ಕಡೆ ಇದಕ್ಕೆ ಒಳ್ಳೆಮೆಣಸು ಅನ್ನುತ್ತೇವೆ, ಅದು ನಮ್ಮ ತೋಟದ್ದು. ಅಜ್ಜ ನೆಟ್ಟ ಕೆಲವು ಬಳ್ಳಿಗಳಿಂದ ಈಗಲೂ ಕೊಯ್ಯುತ್ತೇವೆ. ಮಳೆಗಾಲದಲ್ಲಿ ಅಡಿಕೆಗೂ ಬಳ್ಳಿಗೂ ಮೈಲುತುತ್ತು-ಸುಣ್ಣದ ದ್ರಾವಣ ಬಿಡುತ್ತೇವೆ. ಕೊಯ್ಯುವುದು ಡಿಸೆಂಬರ್-ಜನವರಿಯಲ್ಲಿ.

ಪುಡಿ ಹುರಿಯುವುದು ಅಮ್ಮ. 2017ರಲ್ಲಿ ಬೆಂಗಳೂರಿನಲ್ಲಿದ್ದ ಮಗನಿಗೆ ಕಟ್ಟಿಕೊಟ್ಟ ಡಬ್ಬವನ್ನು ರೂಮಿನವರು ಖಾಲಿ ಮಾಡಿದರು. ಮುಂದಿನ ತಿಂಗಳು ದುಡ್ಡು ಕೊಟ್ಟು ತರಿಸಿದರು. ನಮ್ಮ ವ್ಯಾಪಾರ ಅಲ್ಲಿಂದ ಶುರು.

ಬೀಸಿದ ಪುಡಿಯನ್ನು ಒಂದು ರಾತ್ರಿ ಆರಿಸಿ ಮರುದಿನ ತುಂಬಿಸುತ್ತೇವೆ. ಮೆಣಸಿನಕಾಯಿಯನ್ನು ತೆಂಗಿನೆಣ್ಣೆಯಲ್ಲಿ ಹುರಿಯುವುದರಿಂದ ಮೂರು ತಿಂಗಳೊಳಗೆ ಮುಗಿಸಿ. ಬೆಳ್ಳುಳ್ಳಿ, ತೆಂಗಿನಕಾಯಿ, ಬಣ್ಣ ಹಾಕುವುದಿಲ್ಲ. ಇಂಗಿನಲ್ಲಿ ಗೋಧಿಹಿಟ್ಟು ಇದೆ. ಗೋಧಿ ಆಗದವರು ಇದನ್ನು ತಿನ್ನಬೇಡಿ.

2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಬ್ಯಾಡಗಿ ಸಿಗಲಿಲ್ಲ. ಬೇರೆ ಮೆಣಸಿನಕಾಯಿ ಹಾಕಿದೆವು, ಹೇಳದೆ ಹಾಕಿದೆವು. ಒಬ್ಬರು ರುಚಿಯಲ್ಲೇ ಹಿಡಿದರು. ಅಂದಿನಿಂದ ಏನು ಬದಲಾದರೂ ಚೀಟಿಯ ಮೇಲೆ ಬರೆಯುತ್ತೇವೆ.”

‘ಬ್ಯಾಡಗಿಯ ರೈತರಿಂದ ನೇರ’ ಅಂತ ಬರೆಯಬಹುದಿತ್ತು. ಎಷ್ಟೋ ಜನ ಬರೆಯುತ್ತಾರೆ. ಇವರ ಹತ್ತಿರ ಇದ್ದ ಬಿಲ್ಲು ಮಂಗಳೂರಿನ ವ್ಯಾಪಾರಿಯದು, ಅದಕ್ಕಿಂತ ಹಿಂದಿನದಕ್ಕೆ ಕಾಗದ ಇಲ್ಲ. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಆ ಹೆಸರಿಗೆ ಬೆಲೆ ಇದೆ, ಹಾಗಾಗಿ ಆ ಹೆಸರಿನಲ್ಲಿ ಬೇರೆ ತಳಿ ಮಾರುವವರೂ ಇದ್ದಾರೆ. ಬಿಲ್ಲು ಎಲ್ಲಿವರೆಗೆ ಹೋಗುತ್ತದೋ ನಮ್ಮ ಮಾತೂ ಅಲ್ಲಿವರೆಗೆ ಮಾತ್ರ.

ಫೋಟೋ ಎರಡೇ. ಒಂದು ಬಾಣಲೆ ಮತ್ತು ಅಕ್ಕನ ಕೈ. ಮುಖ ಬೇಡ ಅಂದರು. ಇನ್ನೊಂದು, ಎರಡು ಬ್ಯಾಚಿನ ಪುಡಿ ಅಕ್ಕಪಕ್ಕ ಇಟ್ಟದ್ದು, ಒಂದು ಸ್ವಲ್ಪ ಹೆಚ್ಚು ಕೆಂಪು. ಬಣ್ಣ ಹಾಕುವುದಿಲ್ಲ ಅಂತ ಎಲ್ಲರೂ ಬರೆಯುತ್ತಾರೆ. ಬಣ್ಣ ಹಾಕಿದವರ ಪುಡಿ ಪ್ರತಿ ಸಲ ಒಂದೇ ಥರ ಇರುತ್ತದೆ.

ಪುಟದಿಂದ ಮಾರಾಟ ಎಷ್ಟು ಏರಿತು ಅಂತ ಕೇಳಬೇಡಿ. ಅದೇ ತಿಂಗಳು ಮಗ ಪಾರ್ಸೆಲ್ ದರವನ್ನೂ ಇಳಿಸಿದ್ದ, ಯಾವುದರಿಂದ ಏನಾಯಿತು ಅಂತ ಬಿಡಿಸಲಿಕ್ಕೆ ಬರುವುದಿಲ್ಲ. ನಾನು ನೋಡಿದ್ದು ಮತ್ತೆ ವಾಟ್ಸಾಪನ್ನೇ. ಬಣ್ಣದ ಪ್ರಶ್ನೆ, ಎಷ್ಟು ದಿನ ಇಡಬಹುದು ಅನ್ನುವ ಪ್ರಶ್ನೆ ಕಮ್ಮಿಯಾಗಿದ್ದವು. ಹೊಸ ಥರದ ಪ್ರಶ್ನೆ ಶುರುವಾಗಿತ್ತು: “ಈ ಸಲ ಚೀಟಿಯ ಮೇಲೆ ಏನಾದರೂ ಬರೆದಿದ್ದೀರಾ?”

ಹೋದ ಮಳೆಗಾಲದಲ್ಲಿ ಸೊರಗುರೋಗಕ್ಕೆ ಇವರ ಬಳ್ಳಿ ತುಂಬ ಸತ್ತವು. ಜನವರಿಯಲ್ಲಿ ಮಗನ ಫೋನು ಬಂತು. ಒಳ್ಳೆಮೆಣಸು ಸಾಲದು, ಪಕ್ಕದ ಮನೆಯವರ ಹತ್ತಿರ ತೆಗೆದುಕೊಂಡಿದ್ದೇವೆ, ಪುಟದಲ್ಲಿ ‘ನಮ್ಮ ತೋಟದ್ದು’ ಅಂತ ಉಂಟಲ್ಲ, ಎಂತ ಮಾಡುವುದು? ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮಾಷ್ಟ್ರ ಸ್ವರ ಕೇಳಿತು.

“ಅದನ್ನು ಕೇಳ್ಲಿಕ್ಕೆ ಎಂತ ಉಂಟು? ಅರ್ಧ ನಮ್ಮದು, ಅರ್ಧ ಅವರದು ಅಂತ ಬರಿ. ಅವರಲ್ಲಿ ಒಮ್ಮೆ ಕೇಳಿ ಬರಿ.”